ಕಬಡ್ಡಿಯ ಹ್ಯಾಂಡಿಕ್ಯಾಪ್ ಮತ್ತು ಒಟ್ಟು ಅಂಕದ ಗೆರೆ: ರೇಡ್, ಟ್ಯಾಕಲ್ ಸರಾಸರಿಯಿಂದ ಲೆಕ್ಕ ಹಾಕುವುದು ಹೇಗೆ?

ಪ್ರೊ ಕಬಡ್ಡಿ ಶುರುವಾದಾಗಲೆಲ್ಲ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಎರಡೂ ತಂಡಗಳ ರೇಡ್ ಸರಾಸರಿ, ಟ್ಯಾಕಲ್ ಸರಾಸರಿ ಕೂಡಿಸಿದೆ. ಬಂದ ಮೊತ್ತಕ್ಕೂ ಬುಕ್ಕಿ ಇಟ್ಟ ಗೆರೆಗೂ ಹೊಂದುತ್ತಲೇ ಇಲ್ಲ. ನನ್ನ ಲೆಕ್ಕ ತಪ್ಪೋ, ಗೆರೆ ತಪ್ಪೋ?" ಹೆಚ್ಚಿನ ಸಲ ಲೆಕ್ಕವೇ ತಪ್ಪಿರುತ್ತದೆ. ತಂಡ ಗಳಿಸಿದ ಅಂಕವನ್ನಷ್ಟೇ ನೋಡಿ, ಬಿಟ್ಟುಕೊಟ್ಟ ಅಂಕವನ್ನು ನೋಡದೇ ಇರುವುದು ಅದಕ್ಕೆ ಕಾರಣ. ಕಬಡ್ಡಿಯಲ್ಲಿ ಒಬ್ಬರ ಟ್ಯಾಕಲ್ ಅಂಕ ಎಂದರೆ ಇನ್ನೊಬ್ಬರ ಕೆಟ್ಟ ರೇಡ್. ಈ ಎರಡನ್ನೂ ಜೋಡಿಸದೆ ಯಾವ ಸರಾಸರಿಯೂ ಸರಿಯಾದ ಉತ್ತರ ಕೊಡುವುದಿಲ್ಲ.

ಲೆಕ್ಕಕ್ಕೆ ಕೈ ಹಾಕುವ ಮೊದಲು ಕಾನೂನಿನ ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಭಾರತದಲ್ಲಿ ನಿಷೇಧಿಸಿದೆ. ಕರ್ನಾಟಕದಲ್ಲಿ ಕುಳಿತು ಓದುತ್ತಿರುವವರು ಈ ಲೆಕ್ಕವನ್ನು ಪಂದ್ಯ ಅರ್ಥ ಮಾಡಿಕೊಳ್ಳುವುದಕ್ಕೆ ಮಾತ್ರ ಬಳಸಿ, ಹಣ ಕಟ್ಟಬೇಡಿ. "ವಿದೇಶಿ ಆ್ಯಪ್ ಆದರೆ ಪರವಾಗಿಲ್ಲ" ಎನ್ನುವ ಏಜೆಂಟರ ಮಾತನ್ನು ನಂಬಬೇಡಿ. ಬ್ರಿಟನ್‌ನಂತೆ ಪರವಾನಗಿ ಪಡೆದ ಬುಕ್ಕಿಗಳು ಇರುವ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿನ ನಿಯಮದಂತೆ ನಡೆಯಬೇಕು.

ಎರಡು ಗೆರೆಗಳ ಅರ್ಥ

ಹ್ಯಾಂಡಿಕ್ಯಾಪ್ ಎಂದರೆ ಬಲವಾದ ತಂಡದ ಮೇಲೆ ಆಟಕ್ಕೆ ಮುಂಚೆಯೇ ಹೊರಿಸುವ ಅಂಕಗಳ ಭಾರ. 2019ರ ಜನವರಿ 5ರಂದು ನಡೆದ ಆರನೇ ಆವೃತ್ತಿಯ ಫೈನಲ್ ನೆನಪಿಸಿಕೊಳ್ಳಿ. ಬೆಂಗಳೂರು ಬುಲ್ಸ್ 38-33ರಿಂದ ಗುಜರಾತ್ ತಂಡವನ್ನು ಸೋಲಿಸಿತು. ಅಂತರ 5. ಬುಲ್ಸ್‌ಗೆ -4.5 ಗೆರೆ ಇದ್ದಿದ್ದರೆ 38ರಲ್ಲಿ 4.5 ಕಳೆದರೂ 33.5 ಉಳಿಯುತ್ತದೆ, ಬುಲ್ಸ್ ಪರ ಇದ್ದವರು ಗೆದ್ದಂತೆ. ಗೆರೆ -5.5 ಆಗಿದ್ದರೆ 32.5, ಅಂದರೆ ಕಪ್ ಗೆದ್ದ ತಂಡದ ಪರ ಇದ್ದವರೇ ಸೋತಂತೆ. ಗೆರೆ ಸರಿಯಾಗಿ -5 ಇದ್ದರೆ ಸಾಮಾನ್ಯವಾಗಿ ಕಟ್ಟಿದ ಹಣ ವಾಪಸ್.

ಒಟ್ಟು ಅಂಕದ ಗೆರೆಯಲ್ಲಿ ಯಾರು ಗೆದ್ದರು ಎಂಬುದು ಲೆಕ್ಕಕ್ಕಿಲ್ಲ. ಆ ಫೈನಲ್‌ನ ಒಟ್ಟು 71. ಗೆರೆ 70.5 ಆಗಿದ್ದರೆ "ಮೇಲೆ" ಎಂದವರು ಗೆದ್ದರು, 71.5 ಆಗಿದ್ದರೆ "ಕೆಳಗೆ" ಎಂದವರು.

ಅರ್ಧ ಅಂಕದ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಇಲ್ಲಿ ಕಾಣುತ್ತದೆ. ಹಾಗಾಗಿ ನಿಮ್ಮ ಲೆಕ್ಕದ ಕೊನೆಯಲ್ಲಿ "ಅ ತಂಡ ಗೆಲ್ಲುತ್ತದೆ" ಎಂಬ ಉತ್ತರ ಬಂದರೆ ಸಾಲದು, ಎಷ್ಟು ಅಂಕದಿಂದ ಎಂಬುದು ಬೇಕು.

ಹಂತ 1: ಅಂಕಪಟ್ಟಿಯ ನಾಲ್ಕು ಸಾಲುಗಳನ್ನು ಬೇರೆ ಬೇರೆ ಬರೆದುಕೊಳ್ಳಿ

ಪಂದ್ಯದ ಅಂಕಪಟ್ಟಿಯಲ್ಲಿ ಪ್ರತಿ ತಂಡಕ್ಕೂ ನಾಲ್ಕು ಸಾಲು ಇರುತ್ತದೆ. ಮೊದಲನೆಯದು ರೇಡ್ ಅಂಕ: ಮುಟ್ಟಿ ತಂದದ್ದು ಮತ್ತು ಬೋನಸ್ ಸೇರಿ. ಎರಡನೆಯದು ಟ್ಯಾಕಲ್ ಅಂಕ: ಮೂರು ಅಥವಾ ಅದಕ್ಕಿಂತ ಕಡಿಮೆ ಜನ ಇದ್ದಾಗ ರೇಡರನ್ನು ಹಿಡಿದರೆ ಸಿಗುವ ಸೂಪರ್ ಟ್ಯಾಕಲ್‌ನ ಹೆಚ್ಚುವರಿ ಅಂಕವೂ ಇದರಲ್ಲೇ ಬರುತ್ತದೆ. ಮೂರನೆಯದು ಆಲ್‌ಔಟ್ ಅಂಕ, ಹಳಬರು ಲೋನಾ ಎನ್ನುವುದು ಇದನ್ನೇ. ಎದುರಾಳಿಯ ಅಂಗಳ ಪೂರ್ತಿ ಖಾಲಿ ಮಾಡಿದಾಗ ಸಿಗುವ 2 ಅಂಕ. ನಾಲ್ಕನೆಯದು ಎಕ್ಸ್‌ಟ್ರಾ, ತಾಂತ್ರಿಕ ಅಂಕದಂಥವು.

ಪ್ರತಿ ತಂಡದ ಹಾಳೆಯಲ್ಲಿ ಈ ನಾಲ್ಕನ್ನೂ ಎರಡೆರಡು ಸಲ ಬರೆಯಿರಿ: ತಂಡ ಗಳಿಸಿದ್ದು ಒಂದು, ಎದುರಾಳಿಗೆ ಬಿಟ್ಟುಕೊಟ್ಟದ್ದು ಇನ್ನೊಂದು. ಬರೆದ ಮೇಲೆ ನಾಲ್ಕೂ ಸಾಲು ಕೂಡಿಸಿ ಅಂತಿಮ ಸ್ಕೋರಿಗೆ ತಾಳೆ ನೋಡಿ. ಒಂದೇ ಒಂದು ಅಂಕ ವ್ಯತ್ಯಾಸ ಬಂದರೂ ಆ ಪಂದ್ಯವನ್ನು ಮತ್ತೆ ಬರೆಯಿರಿ.

ಇಲ್ಲಿ ಹೆಚ್ಚು ಜನ ಎಡವುವುದು ಆಲ್‌ಔಟ್ ವಿಷಯದಲ್ಲಿ. ಅಂಗಳದಲ್ಲಿ ಉಳಿದ ಮೂವರನ್ನೂ ಒಬ್ಬ ರೇಡರ್ ಮುಟ್ಟಿ ಬಂದರೆ ಟಿವಿಯಲ್ಲಿ ತಂಡದ ಅಂಕ ಒಮ್ಮೆಗೇ 5 ಏರುತ್ತದೆ. ಅದರಲ್ಲಿ ರೇಡ್ ಅಂಕ 3, ಉಳಿದ 2 ಆಲ್‌ಔಟ್‌ನದು. ನೋಡಿದ್ದನ್ನು ನೆನಪಿಟ್ಟು ಐದನ್ನೂ ರೇಡ್ ಸಾಲಿಗೆ ಹಾಕಿ, ಮತ್ತೆ ಅಂಕಪಟ್ಟಿಯಿಂದ ಆಲ್‌ಔಟ್ ಬರೆದರೆ ಎರಡು ಸಲ ಎಣಿಸಿದಂತಾಗುತ್ತದೆ. ಆಟಗಾರರ ವೈಯಕ್ತಿಕ ಅಂಕ ಕೂಡಿಸಿ ತಂಡದ ಮೊತ್ತ ಮಾಡಲು ಹೋದರೆ ಇದಕ್ಕೆ ವಿರುದ್ಧವಾದ ತಪ್ಪಾಗುತ್ತದೆ: ಆಲ್‌ಔಟ್ ಅಂಕ ಯಾವ ಆಟಗಾರನ ಹೆಸರಿಗೂ ಬರುವುದಿಲ್ಲ, ಮೊತ್ತ ಕಡಿಮೆ ಬೀಳುತ್ತದೆ.

ಹಂತ 2: ಗಳಿಕೆಯನ್ನು ಬಿಟ್ಟುಕೊಟ್ಟದ್ದರ ಜೊತೆ ಜೋಡಿಸಿ

ಸೂತ್ರ ಸರಳ. ಒಂದು ತಂಡ ಗಳಿಸುವ ಸರಾಸರಿಗೆ ಎದುರಾಳಿ ಬಿಟ್ಟುಕೊಡುವ ಸರಾಸರಿ ಕೂಡಿಸಿ, ಲೀಗ್ ಸರಾಸರಿಯನ್ನು ಒಮ್ಮೆ ಕಳೆಯಿರಿ. ಕಳೆಯುವುದೇಕೆಂದರೆ, ಕೂಡಿಸಿದ ಎರಡೂ ಅಂಕಿಗಳ ಒಳಗೆ ಲೀಗಿನ ಸಾಮಾನ್ಯ ಮಟ್ಟ ಕೂತಿರುತ್ತದೆ. ಒಂದನ್ನು ತೆಗೆದರೆ ಆ ಮಟ್ಟಕ್ಕಿಂತ ಇವರು ಎಷ್ಟು ಮೇಲೆ, ಅವರು ಎಷ್ಟು ಕೆಳಗೆ ಎಂಬುದು ಮಾತ್ರ ಸೇರುತ್ತದೆ.

ಒಂದು ಕಲ್ಪಿತ ಪಂದ್ಯ ತೆಗೆದುಕೊಳ್ಳೋಣ. ಅಂಕಿಗಳು ತೋರಿಸುವುದಕ್ಕೆ ಮಾತ್ರ, ಯಾವ ನಿಜ ತಂಡದವೂ ಅಲ್ಲ. ಲೀಗಿನಲ್ಲಿ ಒಂದು ತಂಡಕ್ಕೆ ಪಂದ್ಯವೊಂದಕ್ಕೆ ರೇಡ್ ಸರಾಸರಿ 20, ಟ್ಯಾಕಲ್ ಸರಾಸರಿ 10 ಎಂದಿಟ್ಟುಕೊಳ್ಳಿ. ಎರಡೂ ತಂಡ 8 ಪಂದ್ಯ ಆಡಿವೆ.

ಅ ತಂಡ ರೇಡ್‌ನಲ್ಲಿ ಸರಾಸರಿ 22.4 ಗಳಿಸಿ 19.0 ಬಿಟ್ಟಿದೆ. ಟ್ಯಾಕಲ್‌ನಲ್ಲಿ 9.6 ಗಳಿಸಿ 10.8 ಬಿಟ್ಟಿದೆ. ಬ ತಂಡ ರೇಡ್‌ನಲ್ಲಿ 19.2 ಗಳಿಸಿ 21.2 ಬಿಟ್ಟಿದೆ, ಟ್ಯಾಕಲ್‌ನಲ್ಲಿ 10.6 ಗಳಿಸಿ 10.2 ಬಿಟ್ಟಿದೆ.

```
ಅ ರೇಡ್    = 22.4 + 21.2 - 20 = 23.6
ಅ ಟ್ಯಾಕಲ್ =  9.6 + 10.2 - 10 =  9.8
ಬ ರೇಡ್    = 19.2 + 19.0 - 20 = 18.2
ಬ ಟ್ಯಾಕಲ್ = 10.6 + 10.8 - 10 = 11.4
```

ಅ ತಂಡ "ಬಿಟ್ಟುಕೊಟ್ಟ ಟ್ಯಾಕಲ್ 10.8" ಎಂದರೆ ಆ ತಂಡದ ರೇಡರ್‌ಗಳು ಸಿಕ್ಕಿಬಿದ್ದದ್ದರ ಲೆಕ್ಕ. ಇದನ್ನು ಅ ತಂಡದ ಡಿಫೆಂಡರ್‌ಗಳ ದೋಷ ಎಂದು ಓದುವವರು ತುಂಬಾ ಜನ ಇದ್ದಾರೆ. ಹಾಗಲ್ಲ. ಡಿಫೆನ್ಸ್ ಹೇಗಿದೆ ಎಂದು ತಿಳಿಯಲು ನೋಡಬೇಕಾದದ್ದು ಗಳಿಸಿದ ಟ್ಯಾಕಲ್ ಮತ್ತು ಬಿಟ್ಟುಕೊಟ್ಟ ರೇಡ್, ಈ ಜೋಡಿಯನ್ನು. ಹೆಚ್ಚು ಟ್ಯಾಕಲ್ ಅಂಕ ಗಳಿಸುವ ಕೆಲವು ತಂಡಗಳು ಮುನ್ನುಗ್ಗಿ ಹಿಡಿಯಲು ಹೋಗಿ ಅಷ್ಟೇ ಧಾರಾಳವಾಗಿ ರೇಡ್ ಅಂಕವನ್ನೂ ಕೊಡುತ್ತವೆ. ಅಂಥವು ಆಡುವ ಪಂದ್ಯದಲ್ಲಿ ಅಂತರ ಅಷ್ಟಾಗಿ ಬದಲಾಗುವುದಿಲ್ಲ, ಒಟ್ಟು ಅಂಕ ಮಾತ್ರ ಏರುತ್ತದೆ.

ಹಂತ 3: ಆಲ್‌ಔಟ್ ಮತ್ತು ಎಕ್ಸ್‌ಟ್ರಾ ಸೇರಿಸಿ

ರೇಡ್ ಮತ್ತು ಟ್ಯಾಕಲ್ ಮಾತ್ರ ಕೂಡಿಸಿದರೆ ಒಟ್ಟು ಅಂಕ ಯಾವಾಗಲೂ ಕಡಿಮೆ ಬರುತ್ತದೆ. ಆಗ ಪ್ರತಿ ಗೆರೆಯೂ ಎತ್ತರ ಕಂಡು "ಕೆಳಗೆ" ಎಂದೇ ಅನ್ನಿಸುತ್ತದೆ. ಆರಂಭದಲ್ಲಿ ಹೇಳಿದ ಪ್ರಶ್ನೆಗೆ ಅರ್ಧ ಉತ್ತರ ಇದೇ.

ಆಲ್‌ಔಟ್‌ಗೂ ಅದೇ ಸೂತ್ರ. ಲೀಗ್ ಸರಾಸರಿ 2.6, ಅ ತಂಡದ ಗಳಿಕೆ 3.0 ಮತ್ತು ಬಿಟ್ಟದ್ದು 2.2, ಬ ತಂಡದ ಗಳಿಕೆ 2.2 ಮತ್ತು ಬಿಟ್ಟದ್ದು 3.0 ಎಂದುಕೊಂಡರೆ ಅ ತಂಡಕ್ಕೆ 3.4, ಬ ತಂಡಕ್ಕೆ 1.8 ಬರುತ್ತದೆ. ಎಕ್ಸ್‌ಟ್ರಾ ಅಂಕದಲ್ಲಿ ತಂಡದ ಗುಣ ಏನೂ ಇಲ್ಲ, ಎರಡಕ್ಕೂ ಲೀಗ್ ಸರಾಸರಿಯನ್ನೇ ಹಾಕಿ, ಇಲ್ಲಿ 1.

```
ಅ = 23.6 +  9.8 + 3.4 + 1 = 37.8
ಬ = 18.2 + 11.4 + 1.8 + 1 = 32.4
ಅಂತರ = 5.4    ಒಟ್ಟು = 70.2
```

ಹಂತ 4: ಪಂದ್ಯ ಕಡಿಮೆ ಇದ್ದರೆ ಸರಾಸರಿ ಕಡೆಗೆ ಎಳೆಯಿರಿ

ಇಲ್ಲಿಗೇ ನಿಲ್ಲಿಸಿದವರು ಹೆಚ್ಚು ಕಳೆದುಕೊಳ್ಳುತ್ತಾರೆ. 8 ಪಂದ್ಯದ ಸರಾಸರಿಯಲ್ಲಿ ತಂಡದ ನಿಜ ಶಕ್ತಿ ಎಷ್ಟಿದೆಯೋ, ಎರಡು ಪಂದ್ಯಗಳಲ್ಲಿ ಎದುರಾಳಿ ಪೂರ್ತಿ ಕುಸಿದದ್ದರಿಂದ ಬಂದ ಅಂಕವೂ ಅಷ್ಟೇ ಇರಬಹುದು. ಆ 8ರಲ್ಲಿ ದುರ್ಬಲ ತಂಡಗಳೇ ಹೆಚ್ಚು ಸಿಕ್ಕಿರಲೂಬಹುದು.

ಇದಕ್ಕೆ ನಾನು ಬಳಸುವ ಕೈಲೆಕ್ಕ: ಆಡಿದ ಪಂದ್ಯಗಳನ್ನು, ಆಡಿದ ಪಂದ್ಯ ಕೂಡಿಸು 8 ಎಂಬ ಸಂಖ್ಯೆಯಿಂದ ಭಾಗಿಸಿ. 8 ಪಂದ್ಯಕ್ಕೆ 8/16, ಅಂದರೆ ಅರ್ಧ ನಂಬಿಕೆ. 16 ಪಂದ್ಯಕ್ಕೆ 16/24, ಮೂರರಲ್ಲಿ ಎರಡು ಪಾಲು. ಈ 8 ಶಾಸ್ತ್ರವಲ್ಲ. ನಿಮ್ಮ ಹಾಳೆಯಲ್ಲಿ 6, 8, 12 ಇಟ್ಟು ನೋಡಿ, ಯಾವುದರಲ್ಲಿ ತಪ್ಪು ಕಡಿಮೆಯೋ ಅದನ್ನು ಉಳಿಸಿಕೊಳ್ಳಿ.

ಲೀಗಿನ ಒಂದು ಸಾಮಾನ್ಯ ಪಂದ್ಯದ ಒಟ್ಟು ಇಲ್ಲಿ 2 × (20 + 10 + 2.6 + 1) = 67.2. ನಮ್ಮ 70.2 ಅದಕ್ಕಿಂತ 3.0 ಹೆಚ್ಚು. ಅದರ ಅರ್ಧ 1.5 ಮಾತ್ರ ಇಟ್ಟುಕೊಂಡರೆ ಒಟ್ಟು 68.7. ಅಂತರ 5.4ರ ಅರ್ಧ 2.7. ಅಂದರೆ ಅ ತಂಡ 35.7, ಬ ತಂಡ 33.0.

ಹಂತ 5: ಗೆರೆಯ ಜೊತೆ ಹೋಲಿಸಿ

ಬುಕ್ಕಿ ಅ ತಂಡಕ್ಕೆ -4.5, ಒಟ್ಟು ಅಂಕಕ್ಕೆ 66.5 ಗೆರೆ ಹಾಕಿದ್ದಾನೆ ಎಂದಿಟ್ಟುಕೊಳ್ಳಿ. ನಮ್ಮ ಅಂತರ 2.7, ಹಾಗಾಗಿ ಬ ತಂಡ +4.5 ಕಡೆ ಒಲವು. ನಮ್ಮ ಒಟ್ಟು 68.7, ಹಾಗಾಗಿ "ಮೇಲೆ" ಕಡೆ ಒಲವು. ಒಲವು ಎಷ್ಟು ಗಟ್ಟಿ ಎಂದು ತಿಳಿಯಲು ನಿಮ್ಮ ಅಂದಾಜು ಸಾಮಾನ್ಯವಾಗಿ ಎಷ್ಟು ತಪ್ಪುತ್ತದೆ ಎಂಬ ಅಳತೆ ಬೇಕು. ಅದಕ್ಕೆ ಪ್ರಮಾಣಿತ ವಿಚಲನೆ ಎನ್ನುತ್ತಾರೆ. ಕನಿಷ್ಠ 30 ಪಂದ್ಯಗಳ "ನಿಜ ಅಂಕ ಕಳೆ ಅಂದಾಜು" ಕಾಲಂ ಮಾಡಿ, ಅದರ ಮೇಲೆ ಎಕ್ಸೆಲ್‌ನ STDEV.S ಸೂತ್ರ ಹಾಕಿದರೆ ಸಿಗುತ್ತದೆ. ಅಂತರಕ್ಕೆ ಬೇರೆ, ಒಟ್ಟು ಅಂಕಕ್ಕೆ ಬೇರೆ ಮಾಡಬೇಕು. ಉದಾಹರಣೆಗೆ ಎರಡೂ 10 ಎಂದುಕೊಳ್ಳೋಣ.

```
ಒಟ್ಟು 66.5ರ ಮೇಲೆ:  =1-NORM.DIST(66.5,68.7,10,TRUE)
ಬ ತಂಡ +4.5:         =NORM.DIST(4.5,2.7,10,TRUE)
```

ಮೊದಲನೆಯದರ ಉತ್ತರ ಸುಮಾರು 58.7%, ಎರಡನೆಯದರದು 57.1%. ಇನ್ನು ದರ ನೋಡಿ. 1.85 ದರವೆಂದರೆ 100 ಕಟ್ಟಿ ಗೆದ್ದರೆ ಕೈಗೆ ಬರುವುದು 185. ನಷ್ಟವಾಗದಿರಲು 1ನ್ನು 1.85ರಿಂದ ಭಾಗಿಸಿದಷ್ಟು, ಅಂದರೆ 54.05% ಸಲ ಗೆಲ್ಲಬೇಕು. ನಮ್ಮದು ಅದಕ್ಕಿಂತ ಮೇಲಿದೆ. ಆದರೆ ಒಟ್ಟು ಅಂಕದ ಅಂದಾಜು ಒಂದೇ ಒಂದು ಅಂಕ ತಪ್ಪಿ 67.7 ಆಗಿದ್ದರೂ 58.7% ಎನ್ನುವುದು 54.8%ಕ್ಕೆ ಇಳಿಯುತ್ತದೆ, ಲಾಭದ ಜಾಗ ಬಹುಪಾಲು ಹೋಗುತ್ತದೆ. ಅಂದಾಜಿಗೂ ಗೆರೆಗೂ ಎರಡು ಅಂಕದಷ್ಟೂ ದೂರ ಇಲ್ಲದಿದ್ದರೆ ಆ ಪಂದ್ಯ ಬಿಟ್ಟುಬಿಡಿ ಎನ್ನುವುದು ಇದಕ್ಕೇ.

ದೂರ ಆರೇಳು ಅಂಕವಿದ್ದರೆ ಖುಷಿಪಡುವ ಮೊದಲು ಅನುಮಾನಪಡಿ. ಹಾಳೆಯಲ್ಲಿ ಸಾಲು ತಪ್ಪಿರಬಹುದು, ಇಲ್ಲವೇ ನಿಮಗೆ ಗೊತ್ತಿಲ್ಲದ ಸುದ್ದಿ ಗೆರೆಯೊಳಗೆ ಸೇರಿರಬಹುದು.

ಹಂತ 6: ಮುಖ್ಯ ರೇಡರ್ ಇಲ್ಲದಿದ್ದರೆ ಎಷ್ಟು ಕಳೆಯಬೇಕು?

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ "ಅವನ ಸರಾಸರಿ 9, ಹಾಗಾದರೆ 9 ಕಳೆ". ಇದು ತಪ್ಪು. ಅವನು ಇಲ್ಲವೆಂದು ತಂಡದ ರೇಡ್ ಸಂಖ್ಯೆ ಕಡಿಮೆಯಾಗುವುದಿಲ್ಲ. 40 ನಿಮಿಷದ ಆಟದಲ್ಲಿ, 30 ಸೆಕೆಂಡಿನ ಮಿತಿಯಲ್ಲಿ, ಪ್ರತಿ ತಂಡಕ್ಕೂ ಸುಮಾರು 40 ರೇಡ್ ಬಂದೇ ಬರುತ್ತವೆ. ಅವನ ಪಾಲಿನ ರೇಡ್‌ಗಳನ್ನು ಬೇರೆಯವರು ಮಾಡುತ್ತಾರೆ.

ಅವನು ಪಂದ್ಯಕ್ಕೆ 16 ರೇಡ್ ಮಾಡಿ 9 ಅಂಕ ತರುತ್ತಾನೆ ಎನ್ನಿ, ರೇಡ್ ಒಂದಕ್ಕೆ 0.56. ಬದಲಿ ಬರುವವನ ದರ 0.38 ಆದರೆ ಅದೇ 16 ರೇಡ್‌ಗೆ ಸುಮಾರು 6.1 ಅಂಕ. ಹೋದದ್ದು 3 ಅಂಕ. ಇದರ ಜೊತೆಗೆ ಬದಲಿ ಆಟಗಾರ ಹೆಚ್ಚು ಸಿಕ್ಕಿಬೀಳುತ್ತಾನೆ. ಮೊದಲಿನವನು ನೂರಕ್ಕೆ 20 ಸಲ, ಇವನು 26 ಸಲ ಸಿಕ್ಕಿದರೆ 16 ರೇಡ್‌ನಲ್ಲಿ ಎದುರಾಳಿಗೆ ಸುಮಾರು 1 ಟ್ಯಾಕಲ್ ಅಂಕ ಹೆಚ್ಚು.

ನಮ್ಮ ಪಂದ್ಯಕ್ಕೆ ಇದನ್ನು ಹಾಕಿ. ಅ ತಂಡ 35.7ರಿಂದ 32.7, ಬ ತಂಡ 33.0ರಿಂದ 34.0. ಒಟ್ಟು 66.7, ಅಂತರ ತಿರುಗಿ ಬ ತಂಡಕ್ಕೆ 1.3 ಮುನ್ನಡೆ. "ಮೇಲೆ" ಎಂಬ ಒಲವು ಇಲ್ಲವಾಯಿತು. ಅಂತರದ ಗೆರೆಯೂ ಆ ಹೊತ್ತಿಗೆ -4.5ರಲ್ಲಿ ಉಳಿದಿರುವುದಿಲ್ಲ. ಒಬ್ಬ ಆಟಗಾರನ ಸುದ್ದಿ ಇಡೀ ವಾರದ ಹಾಳೆಲೆಕ್ಕಕ್ಕಿಂತ ದೊಡ್ಡದಾಗುವುದು ಹೀಗೆ. ಆದ್ದರಿಂದ ಆಡುವ ಏಳು ಜನರ ಪಟ್ಟಿ ಬರುವ ಮುಂಚೆ ಮಾಡಿದ ಅಂದಾಜನ್ನು ಅಂತಿಮ ಎಂದುಕೊಳ್ಳಬೇಡಿ. ಕಾರ್ನರ್ ಡಿಫೆಂಡರ್ ಬದಲಾದರೂ ಇದೇ ರೀತಿ ಲೆಕ್ಕ ಹಾಕಿ. ಆದರೆ ಅಲ್ಲಿ ಪರಿಣಾಮ ಅವನ ಟ್ಯಾಕಲ್ ಅಂಕದಲ್ಲಿ ಕಾಣುವುದಕ್ಕಿಂತ ತಂಡ ಬಿಟ್ಟುಕೊಡುವ ರೇಡ್ ಅಂಕದಲ್ಲಿ ಹೆಚ್ಚು ಕಾಣುತ್ತದೆ.

ಸರಾಸರಿ ಹೇಳದ ಮೂರು ಸಂಗತಿ

ಮೊದಲನೆಯದು ಖಾಲಿ ರೇಡ್. ಸತತ ಎರಡು ರೇಡ್ ಖಾಲಿ ಹೋದರೆ ಮೂರನೆಯದು "ಡೂ ಆರ್ ಡೈ", ಅಂಕ ತರದಿದ್ದರೆ ರೇಡರ್ ಔಟ್. ಗಟ್ಟಿ ಡಿಫೆನ್ಸ್ ಇರುವ ಎರಡು ತಂಡಗಳು ಎದುರಾದರೆ ಇಬ್ಬರೂ ಬೇಕೆಂದೇ ಎರಡು ರೇಡ್ ಖಾಲಿ ಬಿಟ್ಟು ಮೂರನೆಯದಕ್ಕೆ ಕಾಯುತ್ತಾರೆ. ಆಗ ಒಟ್ಟು ಅಂಕ ಸೂತ್ರ ಹೇಳಿದ್ದಕ್ಕಿಂತ ಕೆಳಗೆ ಬೀಳುತ್ತದೆ. ಹತ್ತನೇ ಆವೃತ್ತಿಯ ಫೈನಲ್‌ನಲ್ಲಿ ಪುಣೇರಿ ಪಲ್ಟನ್ 28-25ರಿಂದ ಹರಿಯಾಣ ಸ್ಟೀಲರ್ಸ್ ತಂಡವನ್ನು ಮಣಿಸಿತು, ಒಟ್ಟು ಬರೀ 53. ಐದನೇ ಆವೃತ್ತಿಯ ಫೈನಲ್‌ನಲ್ಲಿ ಪಟ್ನಾ ಪೈರೇಟ್ಸ್ 55-38ರಿಂದ ಗುಜರಾತನ್ನು ಸೋಲಿಸಿತ್ತು, ಒಟ್ಟು 93. ಅದೇ ಆಟ, ಅದೇ 40 ನಿಮಿಷ. ತಂಡದ ಹಾಳೆಯಲ್ಲಿ ಖಾಲಿ ರೇಡ್‌ಗಳಿಗೂ ಒಂದು ಕಾಲಂ ಇಡಿ. ಎರಡೂ ತಂಡಗಳದು ಲೀಗ್ ಸರಾಸರಿಗಿಂತ ಹೆಚ್ಚಿದ್ದರೆ "ಮೇಲೆ" ಎಂಬ ಒಲವನ್ನು ನಂಬಬೇಡಿ.

ಎರಡನೆಯದು 7 ಅಂಕದ ನಿಯಮ. ಮೊದಲೆಲ್ಲ 7 ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತ ತಂಡಕ್ಕೂ ಲೀಗ್ ಪಟ್ಟಿಯಲ್ಲಿ 1 ಅಂಕ ಸಿಗುತ್ತಿತ್ತು. ಹಾಗಾಗಿ 9 ಅಂಕ ಹಿಂದಿರುವ ತಂಡವೂ ಕೊನೆಯ ಎರಡು ನಿಮಿಷ ಪಟ್ಟು ಬಿಡದೆ ಆಡುತ್ತಿತ್ತು, 6 ಹಿಂದಿರುವ ತಂಡ ಇದ್ದಷ್ಟು ಸಾಕೆಂದು ಸಮಯ ಕಳೆಯುತ್ತಿತ್ತು. 2025ರ ಹನ್ನೆರಡನೇ ಆವೃತ್ತಿಯಲ್ಲಿ ಗೆದ್ದರೆ 2, ಸೋತರೆ ಸೊನ್ನೆ ಎಂದಾಯಿತು. ಹಳೆಯ ಆವೃತ್ತಿಗಳಲ್ಲಿ ಅಂತರ ಎಷ್ಟೆಷ್ಟಿತ್ತು ಎಂಬ ಅಂಕಿಯನ್ನು ಈಗಿನ ಹ್ಯಾಂಡಿಕ್ಯಾಪ್‌ಗೆ ನೇರವಾಗಿ ಬಳಸಬೇಡಿ, ಅದರಲ್ಲೂ 7ರ ಆಸುಪಾಸಿನ ಗೆರೆಗಳಿಗೆ.

ಮೂರನೆಯದು ಟೈಬ್ರೇಕರ್. ಅದೇ ಆವೃತ್ತಿಯಿಂದ ಲೀಗ್ ಪಂದ್ಯ ಸಮವಾದರೂ ತಲಾ 5 ರೇಡ್‌ಗಳ ಟೈಬ್ರೇಕರ್ ನಡೆಯುತ್ತದೆ. ಅಲ್ಲಿ ಬಂದ ಅಂಕ ಗೆರೆಯ ಲೆಕ್ಕಕ್ಕೆ ಸೇರುತ್ತದೆಯೇ, 40 ನಿಮಿಷದ ಸ್ಕೋರ್ ಮಾತ್ರವೇ ಎಂಬುದು ಬುಕ್ಕಿಯ ನಿಯಮಪಟ್ಟಿಯಲ್ಲಿ ಇರುತ್ತದೆ, ಮೊದಲೇ ಓದಿಕೊಳ್ಳಿ. ನಿಮ್ಮ ಹಾಳೆಗೆ ಮಾತ್ರ ಟೈಬ್ರೇಕರ್ ಅಂಕ ಸೇರಿಸಬೇಡಿ. ಅಲ್ಲಿ ಔಟಾಗುವುದು, ಮರಳಿ ಬರುವುದು ಇಲ್ಲ, ಅದು ಬೇರೆಯೇ ಆಟ.

ಹಂತ 7: ಪಂದ್ಯ ಮುಗಿದ ಮೇಲೆ ತಪ್ಪನ್ನು ಸಾಲುಸಾಲಾಗಿ ಬರೆಯಿರಿ

ನಮ್ಮ ಕಲ್ಪಿತ ಪಂದ್ಯ, ಮುಖ್ಯ ರೇಡರ್ ಆಡಿಯೂ, 41-33ಕ್ಕೆ ಮುಗಿಯಿತು ಎನ್ನಿ. ಒಟ್ಟು 74, ಅಂದಾಜಿಗಿಂತ 5.3 ಹೆಚ್ಚು. ಅಂತರ 8, ಅಂದಾಜಿಗಿಂತ 5.3 ಹೆಚ್ಚು. ಇಷ್ಟನ್ನೇ ಬರೆದು ಬಿಟ್ಟರೆ ಏನೂ ತಿಳಿಯುವುದಿಲ್ಲ. ಅಂಕಪಟ್ಟಿ ತೆಗೆದು ಆ 5.3 ಯಾವ ಸಾಲಿನಿಂದ ಬಂತು ನೋಡಿ. ಅ ತಂಡ ಮೂರು ಆಲ್‌ಔಟ್ ಮಾಡಿ 6 ಅಂಕ ಪಡೆದಿದ್ದರೆ ತಪ್ಪಿನ ದೊಡ್ಡ ಪಾಲು ಅಲ್ಲಿದೆ, ಅದು ಪಂದ್ಯದಿಂದ ಪಂದ್ಯಕ್ಕೆ ಏರಿಳಿಯುವ ಸಾಲು, ಅದಕ್ಕಾಗಿ ಹಾಳೆಯನ್ನು ತಿದ್ದಬೇಕಿಲ್ಲ. ಆಲ್‌ಔಟ್ ಒಂದೇ ಆಗಿ, ಬ ತಂಡ ಬಿಟ್ಟುಕೊಟ್ಟ ರೇಡ್ ಅಂಕವೇ ನಾಲ್ಕೈದು ಪಂದ್ಯದಿಂದ ಒಂದೇ ಸಮನೆ ಅಂದಾಜನ್ನು ಮೀರುತ್ತಿದ್ದರೆ ಆ ತಂಡದ ಕವರ್ ಅಥವಾ ಕಾರ್ನರ್‌ನಲ್ಲಿ ಯಾರೋ ಬದಲಾಗಿದ್ದಾರೆ, ಇಲ್ಲವೇ ಗಾಯದಲ್ಲೇ ಆಡುತ್ತಿದ್ದಾರೆ. ಆಗ ಆ ಬದಲಾವಣೆಗೆ ಮುಂಚಿನ ಪಂದ್ಯಗಳನ್ನು ಸರಾಸರಿಯಿಂದ ತೆಗೆದು, ಉಳಿದ ಪಂದ್ಯಗಳ ಸಂಖ್ಯೆಯನ್ನೇ ನಾಲ್ಕನೇ ಹಂತದ ಭಾಗಾಕಾರಕ್ಕೆ ಹಾಕಿ.